ಕಾಮಾಲೆ ಅಂದುಕೊಂಡದ್ದು ಕಾಮಾಲೆಯ ಮದ್ದಿಗೆ ಬಗ್ಗದಿದ್ದಾಗ

(ಬದಿಯಡ್ಕ ಹತ್ತಿರದ ಒಂದು ವಾಚನಾಲಯದಲ್ಲಿ ಮಾಡಿದ ಉಪನ್ಯಾಸ. ಬರಹಕ್ಕೆ ಇಳಿಸುವಾಗ ಮಾತಿನ ಪುನರುಕ್ತಿ ತೆಗೆದಿದ್ದೇನೆ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ರಕ್ತನಿಧಿಯಲ್ಲಿ ಕೆಲಸ ಮಾಡುವವನು. ರೋಗಿಗಳ ಮುಖಕ್ಕಿಂತ ಅವರ ರಕ್ತದ ಟ್ಯೂಬ್ ನೋಡುವುದೇ ಜಾಸ್ತಿ. ಇವತ್ತು ಹೇಳಹೊರಟ ಕಾಯಿಲೆಯೂ ಕೊನೆಗೆ ತೀರ್ಮಾನ ಆಗುವುದು ಒಂದು ಟ್ಯೂಬಿನಲ್ಲೇ. ಅದರ ಹೆಸರು ಆಟೋಇಮ್ಯೂನ್ ಹಿಮೋಲಿಟಿಕ್ ಅನೀಮಿಯ. ಹೆಸರು ಉದ್ದ, ವಿಷಯ ಸರಳ. ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳೇ ನಮ್ಮ ಕೆಂಪು ರಕ್ತಕಣಗಳಿಗೆ ಅಂಟಿಕೊಂಡು ಅವುಗಳನ್ನು ನಾಶ ಮಾಡಿಸುತ್ತವೆ. ಅಪರೂಪದ ಕಾಯಿಲೆ. ವರ್ಷಕ್ಕೆ ಲಕ್ಷ ಜನರಲ್ಲಿ 1ರಿಂದ 3 ಮಂದಿಗೆ ಬರುತ್ತದೆ. ಅಪರೂಪವಾದ್ದರಿಂದಲೇ ಮೊದಲು ಇದರ ನೆನಪು ಯಾರಿಗೂ ಬರುವುದಿಲ್ಲ.

ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ. ಇಬ್ಬರು ಮೂವರು ರೋಗಿಗಳ ವಿವರ ಸೇರಿಸಿ, ಗುರುತು ಸಿಗದ ಹಾಗೆ ಬದಲಿಸಿದ ಕಥೆ ಇದು. ವಯಸ್ಸು 34. ಮನೆ ಗುಡ್ಡದ ಮೇಲೆ, ಅಡಿಕೆ ತೋಟ ಕೆಳಗೆ. ತೋಟದಿಂದ ಮೇಲೆ ಹತ್ತುವಾಗ ಏದುಸಿರು ಬರಲು ಶುರುವಾಯಿತು. ರಕ್ತ ಕಡಿಮೆ ಇರಬೇಕು ಅಂತ ಕಬ್ಬಿಣದ ಮಾತ್ರೆ ತಿಂದರು. ಆಮೇಲೆ ಕಣ್ಣು ಹಳದಿ ಆಯಿತು. ಮನೆಯವರು ಕಾಮಾಲೆ ಅಂದರು. ನೆಲನೆಲ್ಲಿಯ ಕಷಾಯ ಆಯಿತು, ಉಪ್ಪು, ಎಣ್ಣೆ ಬಿಟ್ಟ ಪಥ್ಯ ಆಯಿತು. ಎರಡು ವಾರ ಹೀಗೇ ಕಳೆದ ಮೇಲೆ ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯುವುದೂ ಕಷ್ಟವಾಯಿತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 6.2. ಎರಡು ತಿಂಗಳ ಹಿಂದೆ ಅದು 11.4 ಇತ್ತು.

ಮನೆಯವರನ್ನು ನಾನು ದೂರುವುದಿಲ್ಲ. ಕಣ್ಣು ಹಳದಿ ಆದರೆ ಲಿವರ್ ಅಂದುಕೊಳ್ಳುವುದು ಸಹಜ, ಹೆಚ್ಚಿನ ಸಲ ಅದು ನಿಜವೂ ಹೌದು. ಆದರೆ ಹಳದಿ ಬಣ್ಣ ಬರುವುದು ಬಿಲಿರುಬಿನ್‌ನಿಂದ. ಆ ಬಿಲಿರುಬಿನ್ ಹುಟ್ಟುವುದು ಹಳೆಯ ಕೆಂಪು ಕಣಗಳು ಒಡೆದಾಗ. ಲಿವರ್ ಅದನ್ನು ನೀರಿನಲ್ಲಿ ಕರಗುವ ಹಾಗೆ ಮಾರ್ಪಡಿಸಿ ಪಿತ್ತದ ಜೊತೆ ಹೊರಗೆ ಕಳಿಸುತ್ತದೆ. ಲಿವರ್ ಕೆಟ್ಟರೂ ಕಣ್ಣು ಹಳದಿ ಆಗುತ್ತದೆ. ಲಿವರ್ ಸರಿ ಇದ್ದು, ಕಣಗಳೇ ವಿಪರೀತ ಒಡೆದರೂ ಹಳದಿ ಆಗುತ್ತದೆ. ಇವೆರಡನ್ನು ಬೇರೆ ಮಾಡಲು ದೊಡ್ಡ ಯಂತ್ರ ಬೇಡ. ಲಿವರ್ ಮಾರ್ಪಡಿಸಿದ ಬಿಲಿರುಬಿನ್ ಮಾತ್ರ ಮೂತ್ರಕ್ಕೆ ಇಳಿಯುತ್ತದೆ, ಮಾರ್ಪಡದ್ದು ಇಳಿಯುವುದಿಲ್ಲ. ಹಾಗಾಗಿ ಕಣ್ಣು ಹಳದಿ ಇದ್ದು, ಮೂತ್ರದ ಪಟ್ಟಿ ಪರೀಕ್ಷೆಯಲ್ಲಿ ಬಿಲಿರುಬಿನ್ ಇಲ್ಲ ಅಂತ ಬಂದರೆ ಕಣಗಳ ಕಡೆ ನೋಡಬೇಕು. ಈ ಹೆಂಗಸಿನಲ್ಲಿ ಹಾಗೇ ಬಂತು. ರಕ್ತದಲ್ಲಿ ಒಟ್ಟು ಬಿಲಿರುಬಿನ್ 4.3, ಅದರಲ್ಲಿ ಲಿವರ್ ಮಾರ್ಪಡಿಸಿದ್ದು ಬರೀ 0.6. ಲಿವರಿನ ಎಎಲ್‌ಟಿ ನಾರ್ಮಲ್. ಎಎಸ್‌ಟಿ ಸ್ವಲ್ಪ ಜಾಸ್ತಿ ಇತ್ತು. ಅದು ಕೆಂಪು ಕಣಗಳ ಒಳಗೂ ಇರುವ ಕಿಣ್ವ, ಕಣ ಒಡೆದರೆ ಅದೂ ಏರುತ್ತದೆ.

ಕಣಗಳು ಕಡಿಮೆ ಆಗಲು ಎರಡು ದಾರಿ ಇದೆ. ತಯಾರಾಗದೆ ಇರಬಹುದು, ಇಲ್ಲವೇ ತಯಾರಾದದ್ದು ಉಳಿಯದೆ ಇರಬಹುದು. ಒಂದು ಕೆಂಪು ಕಣ ಸಾಮಾನ್ಯವಾಗಿ 120 ದಿನ ಬದುಕುತ್ತದೆ. ಬೇಗ ಸಾಯತೊಡಗಿದರೆ ಮೂಳೆಯ ಮಜ್ಜೆ ಅವಸರದಲ್ಲಿ ಎಳೆಯ ಕಣಗಳನ್ನು ಹೊರಗೆ ಬಿಡುತ್ತದೆ. ಇವೇ ರೆಟಿಕ್ಯುಲೋಸೈಟ್. ಮಾಮೂಲಿಗೆ ನೂರಕ್ಕೆ ಒಂದೋ ಎರಡೋ ಇರುತ್ತವೆ. ಈಕೆಗೆ 14 ಇತ್ತು. ಅಂದರೆ ಮಜ್ಜೆ ಚೆನ್ನಾಗಿ ಕೆಲಸ ಮಾಡುತ್ತಿದೆ, ಕಬ್ಬಿಣದ ಕೊರತೆ ಇಲ್ಲಿನ ಸಮಸ್ಯೆ ಅಲ್ಲ.

ಇಲ್ಲಿ ದಾರಿ ತಪ್ಪಿಸುವ ಒಂದು ಸಂಗತಿ ಇದೆ. ಎಳೆಯ ಕಣಗಳು ಗಾತ್ರದಲ್ಲಿ ದೊಡ್ಡವು. ಹಾಗಾಗಿ ಯಂತ್ರದ ವರದಿಯಲ್ಲಿ ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 109 ಅಂತ ಬಂದಿತ್ತು. ಎಂಸಿವಿ ಏರಿದ್ದನ್ನು ನೋಡಿದ ಕೂಡಲೇ ಬಿ12 ಕೊರತೆ ಅನ್ನುವುದು ರೂಢಿ. ಕಣ ಒಡೆದಾಗ ರಕ್ತದಲ್ಲಿ ಏರುವ ಎಲ್‌ಡಿಎಚ್ ಎಂಬ ಕಿಣ್ವ ಬಿ12 ಕೊರತೆಯಲ್ಲೂ ಏರುತ್ತದೆ, ಕಣ್ಣೂ ತುಸು ಹಳದಿ ಆಗಬಹುದು. ಆದರೆ ಅದರಲ್ಲಿ ರೆಟಿಕ್ಯುಲೋಸೈಟ್ ಏರುವುದಿಲ್ಲ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಪರೀಕ್ಷೆಯನ್ನು ಬರೆಯಲು ನಮ್ಮಲ್ಲಿ ಯಾಕೆ ಇಷ್ಟು ಜಿಪುಣತನ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ಆಮೇಲೆ ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳ್ಳೆಯ ಕೆಂಪು ಕಣ ನಡುವೆ ತಗ್ಗಾಗಿರುತ್ತದೆ, ಹಾಗಾಗಿ ಮಧ್ಯೆ ತಿಳಿ ಬಣ್ಣ ಕಾಣುತ್ತದೆ. ಈಕೆಯ ರಕ್ತದಲ್ಲಿ ಹಲವು ಕಣಗಳು ಚಿಕ್ಕದಾಗಿ, ಉರುಟಾಗಿ, ನಡುವೆ ತಿಳಿ ಬಣ್ಣವೇ ಇಲ್ಲದೆ ಕಂಡವು. ಇವುಗಳಿಗೆ ಸ್ಫೆರೋಸೈಟ್ ಅನ್ನುತ್ತಾರೆ. ಇವು ಹುಟ್ಟುವ ಬಗೆ ಹೀಗೆ. ಪ್ರತಿಕಾಯ ಅಂಟಿದ ಕಣ ಗುಲ್ಮದ ಮೂಲಕ ಹಾದುಹೋಗುವಾಗ ಅಲ್ಲಿನ ಮ್ಯಾಕ್ರೋಫೇಜ್ ಅನ್ನುವ ಕೋಶ ಪ್ರತಿಕಾಯದ ಬಾಲವನ್ನು ಹಿಡಿಯುತ್ತದೆ. ಕೆಲವು ಸಲ ಇಡೀ ಕಣವನ್ನೇ ನುಂಗುತ್ತದೆ. ಕೆಲವು ಸಲ ಹೊರಪೊರೆಯ ಒಂದು ಚೂರನ್ನು ಮಾತ್ರ ಕಿತ್ತುಕೊಂಡು ಬಿಟ್ಟುಬಿಡುತ್ತದೆ. ಸಡಿಲವಾಗಿ ಅಡಿಕೆ ತುಂಬಿದ ಗೋಣಿಯ ಬಟ್ಟೆಯನ್ನಷ್ಟೇ ಕತ್ತರಿಸಿ, ಒಳಗಿನ ಅಡಿಕೆ ತೆಗೆಯದೆ ಮತ್ತೆ ಹೊಲಿದರೆ ಏನಾಗುತ್ತದೆ? ಗೋಣಿ ಉಬ್ಬಿ ಬಿಗಿಯಾಗುತ್ತದೆ, ಬಾಗುವುದಿಲ್ಲ. ಕಣವೂ ಹಾಗೇ. ಗುಲ್ಮದ ಕಿರಿದಾದ ಸಂದಿಯಲ್ಲಿ ಬಾಗಿ ನುಸುಳಲು ಆಗದೆ, ಮುಂದಿನ ಸುತ್ತಿನಲ್ಲಿ ಅಲ್ಲೇ ಸಿಕ್ಕಿಬಿದ್ದು ಸಾಯುತ್ತದೆ.

ಆದರೆ ಸ್ಫೆರೋಸೈಟ್ ಕಂಡಿತು ಅಂದ ಮಾತ್ರಕ್ಕೆ ಇದು ಪ್ರತಿಕಾಯದ ಕೆಲಸ ಅಂತ ಹೇಳಲು ಆಗುವುದಿಲ್ಲ. ಹುಟ್ಟಿನಿಂದಲೇ ಕಣದ ಪೊರೆ ದುರ್ಬಲ ಇರುವ ಒಂದು ವಂಶಪಾರಂಪರ್ಯದ ಕಾಯಿಲೆಯಲ್ಲೂ ಕಣಗಳು ಇದೇ ರೂಪದಲ್ಲಿ ಕಾಣುತ್ತವೆ. ಎರಡರ ಚಿಕಿತ್ಸೆ ಪೂರ್ತಿ ಬೇರೆ. ಇಲ್ಲಿಂದಲೇ ನನ್ನ ಟ್ಯೂಬಿನ ಕೆಲಸ ಶುರು.

ಕಣದ ಮೇಲೆ ಪ್ರತಿಕಾಯ ಅಂಟಿದೆಯೋ ಇಲ್ಲವೋ ಅಂತ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಅದು ಅಷ್ಟು ಚಿಕ್ಕದು. ಪ್ರತಿಕಾಯಕ್ಕೆ ಎರಡು ತೋಳಿದೆ, ಎರಡು ಕಣಗಳನ್ನು ಹಿಡಿದು ಗಂಟು ಹಾಕಬೇಕಲ್ವಾ ಅಂತ ನೀವು ಕೇಳಬಹುದು. ಈ ಕಾಯಿಲೆಯಲ್ಲಿ ಹೆಚ್ಚಾಗಿ ಇರುವುದು ಐಜಿಜಿ ಜಾತಿಯ ಪ್ರತಿಕಾಯ. ಅದು ಗಿಡ್ಡ. ಕೆಂಪು ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂಡಿಕೊಂಡು ದೂರವೇ ಇರುತ್ತವೆ. ಆ ಅಂತರವನ್ನು ಐಜಿಜಿಗೆ ದಾಟಲು ಆಗುವುದಿಲ್ಲ. ಕಣದ ತುಂಬ ಪ್ರತಿಕಾಯ ಅಂಟಿದ್ದರೂ ಟ್ಯೂಬಿನಲ್ಲಿ ನೋಡಿದರೆ ರಕ್ತ ಸುಮ್ನೆ ರಕ್ತದ ಹಾಗೇ ಇರುತ್ತದೆ.

ಇದಕ್ಕೆ ಉಪಾಯ ಸಿಕ್ಕಿದ್ದು 1945ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ರಾಬಿನ್ ಕೂಂಬ್ಸ್, ಆರ್ಥರ್ ಮೌರಂಟ್, ರಾಬರ್ಟ್ ರೇಸ್ ಎಂಬ ಮೂವರ ಹೆಸರಿನಲ್ಲಿ ಅದು ಪ್ರಕಟವಾಯಿತು. ಕೂಂಬ್ಸ್ ಓದಿದ್ದು ಪಶುವೈದ್ಯ. ಅವರು ಯೋಚಿಸಿದ್ದು ಹೀಗೆ: ಪ್ರತಿಕಾಯ ಕೂಡ ಒಂದು ಪ್ರೋಟೀನ್ ತಾನೇ? ಮನುಷ್ಯರ ಪ್ರತಿಕಾಯವನ್ನು ಮೊಲಕ್ಕೆ ಚುಚ್ಚಿದರೆ ಮೊಲ ಅದರ ವಿರುದ್ಧ ತನ್ನದೇ ಪ್ರತಿಕಾಯ ಮಾಡುತ್ತದೆ. ಮೊಲದ ಆ ಪ್ರತಿಕಾಯವನ್ನು ರೋಗಿಯ ಕಣಗಳಿಗೆ ಸೇರಿಸಿದರೆ, ಅದು ಈ ಕಣದ ಮೇಲಿನ ಐಜಿಜಿಯನ್ನೂ ಆ ಕಣದ ಮೇಲಿನ ಐಜಿಜಿಯನ್ನೂ ಹಿಡಿಯುತ್ತದೆ. ಅಂತರ ತುಂಬುತ್ತದೆ, ಕಣಗಳು ಗಂಟು ಕಟ್ಟುತ್ತವೆ. ಗಂಟು ಬರಿಗಣ್ಣಿಗೇ ಕಾಣುತ್ತದೆ. ಇದೇ ತತ್ವವನ್ನು 1908ರಲ್ಲೇ ಇಟಲಿಯ ಮೊರೆಸ್ಕಿ ಹೇಳಿದ್ದರು, ಆದರೆ ಅದು ಮರೆತೇ ಹೋಗಿತ್ತು. ಕೂಂಬ್ಸ್ ತಂಡ ಇದನ್ನು ಮಾಡಿದ್ದು ಆರ್‌ಎಚ್ ಗುಂಪಿನ ಪ್ರತಿಕಾಯ ಹುಡುಕಲಿಕ್ಕೆ. ಮರುವರ್ಷ, 1946ರಲ್ಲಿ, ಬೂರ್ಮನ್, ಡಾಡ್, ಲೌಟಿಟ್ ಎಂಬ ಮೂವರು ಇದನ್ನು ಕಣ ಒಡೆಯುವ ಕಾಮಾಲೆಯ ರೋಗಿಗಳ ಮೇಲೆ ಪ್ರಯೋಗಿಸಿದರು. ಕಾಯಿಲೆ ಹುಟ್ಟಿನಿಂದ ಬಂದವರಲ್ಲಿ ಗಂಟು ಕಟ್ಟಲಿಲ್ಲ. ನಡುವೆ ಬಂದವರಲ್ಲಿ ಕಟ್ಟಿತು. ಸೂಕ್ಷ್ಮದರ್ಶಕದಲ್ಲಿ ಒಂದೇ ಥರ ಕಾಣುವ ಎರಡು ಕಾಯಿಲೆಗಳು ಹೀಗೆ ಬೇರೆಯಾದವು.

ಇವತ್ತು ಇದಕ್ಕೆ ಡಿಎಟಿ ಅಥವಾ ಡೈರೆಕ್ಟ್ ಕೂಂಬ್ಸ್ ಅಂತ ಹೆಸರು. ರೋಗಿಯ ರಕ್ತವನ್ನು ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿಗೆ ತೆಗೆಯಬೇಕು. ಕಣಗಳನ್ನು ಸಲೈನಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು. ಈ ತೊಳೆಯುವ ಕೆಲಸದಲ್ಲೇ ಎಡವುವುದು. ರಕ್ತದ ದ್ರವದಲ್ಲಿ ಎಲ್ಲರಿಗೂ ಐಜಿಜಿ ಧಾರಾಳ ಇರುತ್ತದೆ. ಅದರ ಒಂದಿಷ್ಟು ಉಳಿದರೂ ಸಾಕು, ಐಜಿಜಿ ಹಿಡಿಯಲೆಂದು ಆಮೇಲೆ ನಾವು ಹಾಕುವ ಪ್ರತಿಕಾಯದ ದ್ರಾವಣ ಅದರ ಜೊತೆ ಸೇರಿ ಖರ್ಚಾಗಿಬಿಡುತ್ತದೆ. ಕಣಕ್ಕೆ ಅಂಟಿದ್ದು ಹಾಗೇ ಉಳಿಯುತ್ತದೆ, ನಾವು ನೆಗೆಟಿವ್ ಅಂತ ಬರೆಯುತ್ತೇವೆ. ಇದನ್ನು ಹಿಡಿಯಲು ಒಂದು ಕ್ರಮ ಇದೆ. ನೆಗೆಟಿವ್ ಬಂದ ಟ್ಯೂಬಿಗೆ, ಮೊದಲೇ ಐಜಿಜಿ ಅಂಟಿಸಿಟ್ಟ ಕಣಗಳನ್ನು ಒಂದು ಹನಿ ಹಾಕಿ ಮತ್ತೆ ತಿರುಗಿಸುವುದು. ಈಗ ಗಂಟು ಕಟ್ಟಲೇಬೇಕು. ಕಟ್ಟಲಿಲ್ಲ ಅಂದರೆ ದ್ರಾವಣ ಸತ್ತಿದೆ, ಮೊದಲಿನ ನೆಗೆಟಿವ್‌ಗೆ ಬೆಲೆ ಇಲ್ಲ. ಈಗ ಹೆಚ್ಚಿನ ಕಡೆ ಜೆಲ್ ಕಾರ್ಡ್ ಬಂದಿದೆ. ಅದರಲ್ಲಿ ತೊಳೆಯುವ ತಾಪತ್ರಯ ಇಲ್ಲ. ಗಂಟು ಕಟ್ಟಿದ ಕಣ ಜೆಲ್‌ನ ಮೇಲೆ ನಿಲ್ಲುತ್ತದೆ, ಬಿಡಿ ಕಣ ತಳಕ್ಕೆ ಇಳಿಯುತ್ತದೆ.

ನಮ್ಮ ಹೆಂಗಸಿನ ರಕ್ತದಲ್ಲಿ ಗಂಟು ಗಟ್ಟಿಯಾಗಿಯೇ ಕಟ್ಟಿತು. ಆಮೇಲೆ ಅಂಟಿದ್ದು ಯಾವುದು ಅಂತ ಬೇರೆ ಬೇರೆ ದ್ರಾವಣದಲ್ಲಿ ನೋಡಿದೆವು. ಐಜಿಜಿಗೆ 3+, ಪ್ರತಿಕಾಯದ ಕೆಲಸಕ್ಕೆ ನೆರವಾಗುವ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನಿನ ತುಂಡಾದ ಸಿ3ಡಿಗೆ ನೆಗೆಟಿವ್. ಇದು ಬೆಚ್ಚಗಿನ ಜಾತಿ. ದೇಹದ ಉಷ್ಣತೆ 37 ಡಿಗ್ರಿಯಲ್ಲಿ ಅಂಟುವ ಪ್ರತಿಕಾಯ.

ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಮಾಷ್ಟ್ರು ಕೇಳಿದರು: "ಡಾಕ್ಟ್ರೇ, ಹಾಗಾದ್ರೆ ಈ ಪರೀಕ್ಷೆ ಪಾಸಿಟಿವ್ ಬಂದವರಿಗೆಲ್ಲ ಈ ಕಾಯಿಲೆ ಅಂತ ಲೆಕ್ಕವಾ?"

ಇಲ್ಲ ಮಾಷ್ಟ್ರೇ. ರಕ್ತದಾನಕ್ಕೆ ಬಂದ ಗಟ್ಟಿಮುಟ್ಟಾದವರಲ್ಲೂ ಸಾವಿರಾರು ಮಂದಿಯಲ್ಲಿ ಒಬ್ಬರಿಗೆ ಇದು ಪಾಸಿಟಿವ್ ಬರುತ್ತದೆ, ಅವರ ಕಣಗಳು ಒಡೆಯುತ್ತಿರುವುದಿಲ್ಲ. ಪರೀಕ್ಷೆ ಹೇಳುವುದು ಕಣದ ಮೇಲೆ ಪ್ರತಿಕಾಯ ಇದೆ ಅಂತ ಮಾತ್ರ. ಕಣ ಒಡೆಯುತ್ತಿದೆ ಅನ್ನಲು ಬಿಲಿರುಬಿನ್, ಎಲ್‌ಡಿಎಚ್, ರೆಟಿಕ್ಯುಲೋಸೈಟ್ ಬೇಕು. ಎರಡೂ ಸಾಕ್ಷಿ ಸೇರಿದರೆ ಮಾತ್ರ ಕಾಯಿಲೆ. ಇದರ ಉಲ್ಟಾ ಕೂಡ ಉಂಟು. ಟ್ಯೂಬಿನಲ್ಲಿ ಗಂಟು ಕಾಣಬೇಕಾದರೆ ಒಂದೊಂದು ಕಣದ ಮೇಲೆ ನೂರಕ್ಕಿಂತ ಹೆಚ್ಚು ಐಜಿಜಿ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೂ ಗುಲ್ಮ ಅವುಗಳನ್ನು ಗುರುತಿಸಿ ತಿನ್ನಬಲ್ಲದು. ಹಾಗಾಗಿ ಈ ಕಾಯಿಲೆ ಇರುವ ನೂರರಲ್ಲಿ ಐದರಿಂದ ಹತ್ತು ಜನರಿಗೆ ಮಾಮೂಲಿ ಡಿಎಟಿ ನೆಗೆಟಿವ್ ಬರಬಹುದು. ಅಂಥವರಿಗೆ ಇನ್ನೂ ಸೂಕ್ಷ್ಮವಾದ ಪರೀಕ್ಷೆಗಳಿವೆ.

ಪಾಸಿಟಿವ್ ಬಂದಾಗ ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ. ಇತ್ತೀಚೆಗೆ ಯಾವ ಮದ್ದು ತೆಗೆದುಕೊಂಡಿರಿ? ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್, ರಕ್ತದೊತ್ತಡದ ಮಿಥೈಲ್‌ಡೋಪಾ ಮಾತ್ರೆ, ಇವೂ ಪ್ರತಿಕಾಯ ಹುಟ್ಟಿಸಬಲ್ಲವು. ಮದ್ದು ನಿಲ್ಲಿಸುವುದೇ ಆಗ ಮೊದಲ ಚಿಕಿತ್ಸೆ. ಎರಡನೆಯದು, ಯಾವತ್ತಾದರೂ ರಕ್ತ ಏರಿಸಿದ್ದಾರಾ, ಯಾವಾಗ? ಎರಡನೆಯ ಪ್ರಶ್ನೆ ನಮ್ಮ ಗಡಿಯ ಜನರಿಗೆ ಹೆಚ್ಚು ಕಷ್ಟದ್ದು. ಯಾಕೆ ಅಂತ ಹೇಳುತ್ತೇನೆ.

ಹಿಮೋಗ್ಲೋಬಿನ್ 6.2, ಕೂತಲ್ಲೂ ಏದುಸಿರು. ರಕ್ತ ಕೊಡಬೇಕು ಅಂತಾಯಿತು. ಆಕೆಯದ್ದು ಒ ಪಾಸಿಟಿವ್. ಅದೇ ಗುಂಪಿನ ಒಂದು ಚೀಲ ತೆಗೆದು ಹೊಂದಾಣಿಕೆ ನೋಡಿದೆವು. ಹೊಂದಲಿಲ್ಲ. ಇನ್ನೊಂದು ತೆಗೆದೆವು, ಅದೂ ಇಲ್ಲ. ಕಪಾಟಿನಲ್ಲಿದ್ದ ಯಾವ ಚೀಲವೂ ಹೊಂದಲಿಲ್ಲ. ಮನೆಯವರು ಗಾಬರಿಯಾಗಿ, ಅಣ್ಣನ ರಕ್ತ ಹೊಂದೀತು, ತಂಗಿಯದ್ದು ಹೊಂದೀತು ಅಂತ ಜನ ಕರೆದುಕೊಂಡು ಬಂದರು. ಅದರಿಂದ ಉಪಯೋಗ ಇಲ್ಲ. ಆಕೆಯ ಪ್ರತಿಕಾಯ ಹಿಡಿಯುವುದು ಕೆಂಪು ಕಣದ ಮೇಲೆ ಸಾಧಾರಣ ಎಲ್ಲ ಮನುಷ್ಯರಲ್ಲೂ ಇರುವ ಅಂಶವನ್ನು. ಯಾರ ರಕ್ತ ತಂದರೂ ಅದು ಅಂಟುತ್ತದೆ.

ಇಲ್ಲಿ ಎರಡು ತಪ್ಪು ಆಗಬಹುದು. ಒಂದು, ಹೊಂದುವ ರಕ್ತ ಸಿಗಲಿಲ್ಲ ಅಂತ ಕೊಡದೆ ಕೂರುವುದು. ಜೀವಕ್ಕೆ ಅಪಾಯ ಇದ್ದರೆ ಹೊಂದದ ರಕ್ತವನ್ನೂ ಕೊಡಬೇಕಾಗುತ್ತದೆ. ಕೊಟ್ಟ ಕಣ ಆಕೆಯ ಸ್ವಂತ ಕಣದಷ್ಟೇ ದಿನ ಬದುಕುತ್ತದೆ, ಆ ಹೊತ್ತಿಗೆ ಅಷ್ಟು ಸಾಕು. ಇನ್ನೊಂದು ತಪ್ಪು ಹೆಚ್ಚು ಅಪಾಯದ್ದು. ಎಲ್ಲವೂ ಹೊಂದುವುದಿಲ್ಲ, ಹಾಗಾಗಿ ಯಾವುದು ಕೊಟ್ಟರೂ ಒಂದೇ ಅಂದುಕೊಳ್ಳುವುದು. ಹಿಂದೆ ಹೆರಿಗೆ ಆದವರಲ್ಲಿ, ರಕ್ತ ಏರಿಸಿಕೊಂಡವರಲ್ಲಿ, ಬೇರೆಯವರ ಕಣದ ಮೇಲಿನ ಯಾವುದೋ ಒಂದು ಅಂಶದ ವಿರುದ್ಧ ಹುಟ್ಟಿದ ಬೇರೆಯೇ ಪ್ರತಿಕಾಯ ಇರಬಹುದು. ಎಲ್ಲದಕ್ಕೂ ಅಂಟುವ ಪ್ರತಿಕಾಯದ ಗದ್ದಲದಲ್ಲಿ ಅದು ಅಡಗಿರುತ್ತದೆ. ಆ ಅಂಶ ಇರುವ ರಕ್ತ ಕೊಟ್ಟರೆ, ಏರಿಸಿದ ಕಣಗಳೆಲ್ಲ ಒಮ್ಮೆಲೇ ಒಡೆಯಬಹುದು.

ಈಕೆಗೆ ಎಂಟು ವರ್ಷದ ಹಿಂದೆ ಎರಡನೆಯ ಹೆರಿಗೆಯಲ್ಲಿ ರಕ್ತ ಏರಿಸಿದ್ದರು. ಅದು ಕೇರಳ-ಕರ್ನಾಟಕ ಗಡಿಯಾದ ತಲಪಾಡಿಯ ಆಚೆ, ಮಂಗಳೂರಿನಲ್ಲಿ. ಈಗಿನ ಚಿಕಿತ್ಸೆ ಈಚೆ. ಆಚೆಯ ಚೀಟಿ ಈಚೆಯ ಫೈಲಿನಲ್ಲಿ ಇರಲಿಲ್ಲ. ಆಕೆಯ ಅತ್ತೆಗೆ ನೆನಪಿದ್ದುದರಿಂದ ಗೊತ್ತಾಯಿತು ಅಷ್ಟೇ. ಕಾಸರಗೋಡಿನವರ ಆಸ್ಪತ್ರೆ ಚರಿತ್ರೆ ಹೀಗೆ ಎರಡು ರಾಜ್ಯದಲ್ಲಿ ಹಂಚಿಹೋಗಿರುತ್ತದೆ. ಬೇರೆ ಕಾಯಿಲೆಗಳಲ್ಲಿ ಇದರಿಂದ ಪರೀಕ್ಷೆ ಎರಡು ಸಲ ಆಗಬಹುದು, ದುಡ್ಡು ಹೋಗಬಹುದು. ಇಲ್ಲಿ ತಪ್ಪು ಚೀಲ ಏರಬಹುದು.

ಅಡಗಿದ ಪ್ರತಿಕಾಯವನ್ನು ಹೊರಗೆ ತರುವ ಬಗೆ ಹೀಗಿದೆ. ಆಕೆಯದ್ದೇ ಕೆಂಪು ಕಣಗಳನ್ನು ತೆಗೆದು, ಮೇಲೆ ಅಂಟಿದ ಪ್ರತಿಕಾಯವನ್ನು ಕಳಚಬೇಕು. ಹಾಗೆ ಖಾಲಿಯಾದ ಕಣಗಳನ್ನು ಆಕೆಯದ್ದೇ ಸೀರಮ್‌ಗೆ ಹಾಕಿ 37 ಡಿಗ್ರಿಯಲ್ಲಿ ಇಡಬೇಕು. ಸ್ವಂತ ಕಣಕ್ಕೆ ಅಂಟುವ ಪ್ರತಿಕಾಯ ಕಣಗಳ ಮೇಲೆ ಹೋಗಿ ಕೂರುತ್ತದೆ. ಅವಶ್ಯ ಇದ್ದರೆ ಇದನ್ನು ಇನ್ನೊಂದು ಸಲ, ಮತ್ತೊಂದು ಸಲ ಮಾಡಬೇಕು. ಸ್ವಂತ ಕಣಕ್ಕೆ ಸಂಬಂಧ ಇಲ್ಲದ್ದು ಮಾತ್ರ ಸೀರಮ್‌ನಲ್ಲಿ ಉಳಿಯುತ್ತದೆ. ಅದನ್ನು ಗೊತ್ತಿರುವ ಕಣಗಳ ಮೇಲೆ ಪರೀಕ್ಷಿಸಬೇಕು. ಕಳೆದ ಮೂರು ತಿಂಗಳಲ್ಲಿ ರಕ್ತ ಏರಿಸಿದ್ದರೆ ಈ ದಾರಿ ಬಂದ್. ಆಗ ಆಕೆಯ ಟ್ಯೂಬಿನಲ್ಲಿ ದಾನಿಯ ಕಣಗಳೂ ಬೆರೆತಿರುತ್ತವೆ, ಅವು ನಾವು ಹುಡುಕುತ್ತಿರುವ ಪ್ರತಿಕಾಯವನ್ನೇ ಹೀರಿಬಿಡುತ್ತವೆ. ತಾರೀಕು ಕೇಳುವುದು ಅದಕ್ಕೇ. ಈಕೆಯಲ್ಲಿ ಇ ಅನ್ನುವ ಆರ್‌ಎಚ್ ಅಂಶದ ವಿರುದ್ಧ ಪ್ರತಿಕಾಯ ಸಿಕ್ಕಿತು, ದೊಡ್ಡ ಅಕ್ಷರದ ಇ. ಆ ಅಂಶ ಇಲ್ಲದ ದಾನಿಗಳೇ ಹೆಚ್ಚು, ಹಾಗಾಗಿ ಚೀಲ ಸಿಗುವುದು ಕಷ್ಟ ಆಗಲಿಲ್ಲ. ಒಂದೇ ಚೀಲ, ನಿಧಾನಕ್ಕೆ, ಪಕ್ಕದಲ್ಲಿ ನರ್ಸ್ ಕೂತು ಕೊಟ್ಟರು.

ಚಿಕಿತ್ಸೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್, ದೇಹದ ತೂಕದ ಕಿಲೋಗೆ ದಿನಕ್ಕೆ 1 ಮಿಲಿಗ್ರಾಂ ಲೆಕ್ಕದಲ್ಲಿ. ಜೊತೆಗೆ ಫೋಲಿಕ್ ಆಸಿಡ್, ಯಾಕೆಂದರೆ ಮಜ್ಜೆ ಅಷ್ಟು ಕಣ ತಯಾರಿಸುವಾಗ ಅದು ಬೇಗ ಮುಗಿಯುತ್ತದೆ. ಬೆಚ್ಚಗಿನ ಜಾತಿಯ ಹೆಚ್ಚಿನವರಿಗೆ ಎರಡು ಮೂರು ವಾರದಲ್ಲಿ ಗುಣ ಕಾಣುತ್ತದೆ. ಈಕೆಗೂ ಮೂರನೇ ವಾರಕ್ಕೆ ಹಿಮೋಗ್ಲೋಬಿನ್ 10 ದಾಟಿತು. ಆಮೇಲೆ ಡೋಸನ್ನು ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಬೇಕು. ಚೆನ್ನಾಗಿದ್ದೇನೆ ಅಂತ ಥಟ್ಟನೆ ಬಿಟ್ಟವರು ವಾಪಸ್ ಬರುತ್ತಾರೆ. ಸ್ಟಿರಾಯ್ಡ್‌ಗೆ ಬಗ್ಗದಿದ್ದರೆ ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಇದೆ, ಗುಲ್ಮ ತೆಗೆಯುವ ಆಪರೇಶನ್ ಇದೆ. ಈ ಕಾಯಿಲೆಯ ಬೆನ್ನಿಗೆ ಲೂಪಸ್‌ನಂಥ ಇನ್ನೊಂದು ಆಟೋಇಮ್ಯೂನ್ ಕಾಯಿಲೆ ಇದೆಯಾ, ವಯಸ್ಸಾದವರಲ್ಲಿ ಬಿಳಿ ಕಣದ ಕ್ಯಾನ್ಸರ್ ಇದೆಯಾ ಅಂತ ಹುಡುಕಬೇಕು. ಈಕೆಯಲ್ಲಿ ಅಂಥದ್ದು ಸಿಗಲಿಲ್ಲ.

ಇನ್ನೊಂದು ಜಾತಿ ಇದೆ, ತಣ್ಣಗಿನದ್ದು. ಅದು ಐಜಿಎಂ ಎಂಬ ದೊಡ್ಡ ಪ್ರತಿಕಾಯ, ಕಣಗಳ ನಡುವಿನ ಅಂತರವನ್ನು ತಾನೇ ದಾಟಬಲ್ಲದು. ಬೆರಳತುದಿ, ಕಿವಿಯಂಥ ತಣ್ಣಗಿನ ಜಾಗದಲ್ಲಿ ಕಣಕ್ಕೆ ಅಂಟುತ್ತದೆ, ಕಾಂಪ್ಲಿಮೆಂಟ್ ಅನ್ನು ಅಲ್ಲಿ ಕೂರಿಸುತ್ತದೆ, ರಕ್ತ ಬೆಚ್ಚಗಿನ ಒಡಲಿಗೆ ವಾಪಸ್ ಬಂದಾಗ ಕಳಚಿಕೊಂಡು ಹೋಗುತ್ತದೆ. ಹಾಗಾಗಿ ಡಿಎಟಿಯಲ್ಲಿ ಸಿ3ಡಿ ಪಾಸಿಟಿವ್, ಐಜಿಜಿ ಸಾಮಾನ್ಯವಾಗಿ ನೆಗೆಟಿವ್. ಈ ವ್ಯತ್ಯಾಸ ತಿಳಿಯದೆ ಸ್ಟಿರಾಯ್ಡ್ ಕೊಟ್ಟರೆ ಅಡ್ಡಪರಿಣಾಮ ಸಿಗುತ್ತದೆ, ಗುಣ ಕಾಣುವುದು ಕಡಿಮೆ.

ನಮ್ಮ ಸೆಕೆಯ ಊರಿನಲ್ಲಿ ಇದು ಎಲ್ಲಿಂದ ಬರಬೇಕು ಅಂತ ಒಬ್ಬರು ನಕ್ಕರು. ರೋಗಿ ತಣ್ಣಗಾಗದಿದ್ದರೂ ಟ್ಯೂಬ್ ತಣ್ಣಗಾಗುತ್ತದೆ. ಇಲ್ಲಿಂದ ರಕ್ತ ಐಸ್ ಡಬ್ಬಿಯಲ್ಲಿ ಮಂಗಳೂರಿಗೆ ಹೋಗುತ್ತದಲ್ಲ? ದಾರಿಯಲ್ಲೇ ಕಣಗಳು ಗಂಟು ಕಟ್ಟುತ್ತವೆ. ಯಂತ್ರ ಒಂದು ಗಂಟನ್ನು ಒಂದೇ ಕಣ ಅಂತ ಎಣಿಸುತ್ತದೆ. ಕಣಗಳ ಸಂಖ್ಯೆ ತೀರಾ ಕಡಿಮೆ, ಎಂಸಿವಿ ತೀರಾ ಜಾಸ್ತಿ, ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ, ಅಂದರೆ ಎಂಸಿಎಚ್‌ಸಿ, 47 ಅಂತ ಬರುತ್ತದೆ. ಅಷ್ಟು ಹಿಮೋಗ್ಲೋಬಿನ್ ಒಂದು ಕಣದಲ್ಲಿ ಹಿಡಿಸುವುದೇ ಇಲ್ಲ. ಇಂಥ ವರದಿ ಕಂಡರೆ ಟ್ಯೂಬನ್ನು ಅರ್ಧ ಗಂಟೆ 37 ಡಿಗ್ರಿಯಲ್ಲಿಟ್ಟು ಮತ್ತೆ ಹಾಕಬೇಕು. ಅಂಕಿಗಳು ಸರಿಯಾದರೆ ತಣ್ಣಗಿನ ಪ್ರತಿಕಾಯ ಇದೆ ಅಂತಲೇ ಅರ್ಥ. ಆ ಪ್ರತಿಕಾಯದ ಪ್ರಮಾಣ ಅಳೆಯಬೇಕಾದರೆ ರಕ್ತವನ್ನು ಬೆಚ್ಚಗೆ ಇಟ್ಟೇ ಸೀರಮ್ ಬೇರ್ಪಡಿಸಬೇಕು. ತಣ್ಣಗಾದ ಮೇಲೆ ಬೇರ್ಪಡಿಸಿದರೆ ಪ್ರತಿಕಾಯ ಕಣಗಳ ಜೊತೆ ಹೋಗಿರುತ್ತದೆ, ಸೀರಮ್‌ನಲ್ಲಿ ಸಿಗುವುದೇ ಇಲ್ಲ. ಹಾಗಾಗಿ ಈ ಒಂದು ಪರೀಕ್ಷೆಗೆ ಮಾದರಿ ಕಳಿಸುವುದಕ್ಕಿಂತ ರೋಗಿಯನ್ನೇ ಕಳಿಸುವುದು ಒಳ್ಳೆಯದು.

ಕೊನೆಗೆ ಒಬ್ಬ ಅಕ್ಕ ಕೇಳಿದರು: "ಗುಣ ಆದ ಮೇಲೆ ಆ ಪರೀಕ್ಷೆ ನೆಗೆಟಿವ್ ಬರ್ಬೇಕಲ್ವಾ? ನನ್ನ ತಮ್ಮನಿಗೆ ಈಗಲೂ ಪಾಸಿಟಿವ್ ಉಂಟು. ಶುಗರ್‌ನ ಮೂರು ತಿಂಗಳ ಪರೀಕ್ಷೆ ಮಾತ್ರ ಬಹಳ ಒಳ್ಳೇದು ಬಂದಿದೆ."

ಅಕ್ಕಾ, ಡಿಎಟಿ ವರ್ಷಗಟ್ಟಲೆ ಪಾಸಿಟಿವ್ ಉಳಿಯಬಹುದು. ಹಿಮೋಗ್ಲೋಬಿನ್, ರೆಟಿಕ್ಯುಲೋಸೈಟ್, ಎಲ್‌ಡಿಎಚ್ ಸರಿ ಇದ್ದರೆ ಅದೊಂದಕ್ಕೆ ಹೆದರಿ ಮದ್ದು ಏರಿಸುವುದಿಲ್ಲ. ಆದರೆ ಆ ಶುಗರ್ ವರದಿಯನ್ನು ನಂಬಬೇಡಿ. ಎಚ್‌ಬಿಎ1ಸಿ ಅಳೆಯುವುದು ಕೆಂಪು ಕಣ ಬದುಕಿದಷ್ಟು ದಿನ ಅದಕ್ಕೆ ಅಂಟಿದ ಸಕ್ಕರೆಯನ್ನು. ಕಣ ಬೇಗ ಸಾಯುತ್ತಿದ್ದರೆ ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಸ್ಟಿರಾಯ್ಡ್ ತಿನ್ನುವವರ ಶುಗರ್ ನಿಜಕ್ಕೂ ಏರುತ್ತಿರುತ್ತದೆ. ಅವರಿಗೆ ಬೆರಳು ಚುಚ್ಚಿ, ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಮಧ್ಯಾಹ್ನದ ಊಟ ಆಗಿ ಎರಡು ಗಂಟೆಗೆ ಒಮ್ಮೆ ನೋಡಿ. ಬೆಳಿಗ್ಗೆ ಸ್ಟಿರಾಯ್ಡ್ ತಿಂದವರಿಗೆ ಶುಗರ್ ಏರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ.